ಸಾವಿನ ಮನೆಯಲ್ಲಿ 'ಹೋಗಿ ಬರ್ತೀನಿ' ಅಂದುಬಿಟ್ಟೆ: ತಾಳವಾಡಿಯಲ್ಲಿ ಕಲಿತ ಒಂದು ಪಾಠ

ನಾನು ದಕ್ಷಿಣ ಕನ್ನಡದವನು. ಬಿ.ಕಾಂ. ಮುಗಿಸಿ, ಸಂಬಂಧಿಕರೊಬ್ಬರ ಜೊತೆ ಚಾಮರಾಜನಗರದ ಕಡೆ ಬಟ್ಟೆ ವ್ಯಾಪಾರಕ್ಕೆ ಬಂದವನು ಕೊನೆಗೆ ತಾಳವಾಡಿಯಲ್ಲಿ ಒಂದು ಸಣ್ಣ ಅಂಗಡಿ ಹಾಕಿ ಕೂತೆ. ತಾಳವಾಡಿ ಅಂದರೆ ನಮ್ಮ ಕಡೆಯ ಬಹಳ ಮಂದಿಗೆ ಗೊತ್ತಿಲ್ಲ. ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ಬೆಟ್ಟದ ಮೇಲಿನ ಊರು, ಆದರೆ ಮನೆಮಾತು ಹೆಚ್ಚಾಗಿ ಕನ್ನಡ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಇಲ್ಲೇ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿಯಬೇಕು. ಸುತ್ತ ಸತ್ಯಮಂಗಲ ಹುಲಿ ಸಂರಕ್ಷಿತ ಅರಣ್ಯ. ಬೆಳೆ ಬಂದ ಸಮಯಕ್ಕೆ ಆನೆಯೂ ಬರುತ್ತದೆ.

ನನ್ನ ಅಂಗಡಿಯ ಗಿರಾಕಿಯಾಗಿದ್ದ ಒಬ್ಬ ರೈತರು ಹಾಗೇ ತೀರಿಹೋದರು. ಮುಸುಕಿನ ಜೋಳದ ಹೊಲ ಕಾಯಲು ರಾತ್ರಿ ಹೋದವರು, ಬೆಳಿಗ್ಗೆ ಮನೆಗೆ ಬರಲಿಲ್ಲ. ನನ್ನ ಉದ್ರಿ ಪುಸ್ತಕದಲ್ಲಿ ಅವರ ಹೆಸರಲ್ಲಿ 11,400 ರೂಪಾಯಿ ಬಾಕಿ ಇತ್ತು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಆ ಮನೆಗೆ ಹೋಗಲು ನಾನು ಹಿಂದೆಮುಂದೆ ನೋಡಿದ್ದೇ ಇದರಿಂದ. ಹೋದರೆ ಸಾಲ ಕೇಳಲು ಬಂದ ಅಂದುಕೊಂಡಾರು, ಹೋಗದಿದ್ದರೆ ಸಾಲ ಮುಳುಗಿತು ಅಂತ ಮುಖ ತಿರುಗಿಸಿದ ಅಂದುಕೊಂಡಾರು. ಎರಡು ದಿನ ಹೀಗೇ ಕಳೆದು, ಮೂರನೇ ದಿನ ಹಾಲು-ತುಪ್ಪ ಬಿಡುವ ಶಾಸ್ತ್ರ ಮುಗಿದ ಮೇಲೆ ಮಧ್ಯಾಹ್ನ ಹೋದೆ.

ಹೋಗಿ ಮಾಡಿದ್ದು ಮೂರು ತಪ್ಪು. ಮೊದಲನೆಯದು, ಜಗಲಿಯಲ್ಲಿ ಕೂತಿದ್ದ ಅವರ ಮಗನನ್ನು ಕಂಡ ಕೂಡಲೇ ಬಾಯಿಗೆ ಬಂದದ್ದು 'ಏನಪ್ಪಾ, ಚೆನ್ನಾಗಿದ್ದೀಯಾ?' ತಿರುಪ್ಪೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹುಡುಗ, ಅಪರೂಪಕ್ಕೆ ಕಂಡವನು. ದಿನಾ ಅಂಗಡಿಯಲ್ಲಿ ನೂರು ಸಲ ಹೇಳುವ ಮಾತು, ನಾಲಿಗೆ ತಾನಾಗಿಯೇ ಹೇಳಿತು. ಅವನು ತಲೆ ಅಲ್ಲಾಡಿಸಿದ, ಅಷ್ಟೆ. ಅವನಾದರೂ ಏನು ಹೇಳಬೇಕಿತ್ತು? ಚೆನ್ನಾಗಿದ್ದೇನೆ ಅಂದರೆ ಅಪ್ಪ ಸತ್ತಿದ್ದಾರೆ, ಚೆನ್ನಾಗಿಲ್ಲ ಅಂದರೆ ಬಂದವನನ್ನೇ ಸಂಕಟಕ್ಕೆ ಸಿಕ್ಕಿಸಿದ ಹಾಗೆ. ಎರಡನೆಯದು, ಸುಮ್ಮನೆ ಕೂರಲಾಗದೆ 'ಸರ್ಕಾರದಿಂದ ಪರಿಹಾರ ಬರುತ್ತೆ ಬಿಡಿ' ಅಂದೆ. ಸಮಾಧಾನ ಅಂತಲೇ ಹೇಳಿದ್ದು. ಆದರೆ ಮನುಷ್ಯನ ಜಾಗದಲ್ಲಿ ಮೊತ್ತ ಇಟ್ಟ ಹಾಗಾಯಿತು, ಅದೂ ಸಾಲ ಕೊಟ್ಟವನ ಬಾಯಿಂದ. ಮೂರನೆಯದು ಹೊರಡುವಾಗ. ಎದ್ದು ನಿಂತು ಮರ್ಯಾದೆಯಿಂದ 'ಹೋಗಿ ಬರ್ತೀನಿ ಅಕ್ಕ' ಅಂದೆ. ಒಳಗೆ ಕೂತಿದ್ದ ಹೆಂಗಸರಲ್ಲಿ ಒಬ್ಬರು ಮುಖ ಎತ್ತಿ ನೋಡಿದ ನೋಟ ಇನ್ನೂ ನೆನಪಿದೆ.

ಬೀದಿಗೆ ಬಂದ ಮೇಲೆ ಪಕ್ಕದ ಮನೆಯ ಅಜ್ಜ ಒಬ್ಬರು ಕೈಹಿಡಿದು ನಿಲ್ಲಿಸಿ ಹೇಳಿದರು: 'ಸಾಬ್ರೆ, ಸಾವ್ನ ಮನೇಲಿ ಬತ್ತಿನಿ ಅನ್ಬಾರ್ದು. ಸುಮ್ನೆ ಎದ್ದು ಬಂದ್ಬುಡ್ಬೇಕು.'

ಕಾರಣ ಸರಳ. ಬೇರೆ ದಿನ ನಾವು 'ಹೋಗ್ತೀನಿ' ಅನ್ನುವುದಿಲ್ಲ, ಅದು ಅಪಶಕುನ, ಮತ್ತೆ ಬಾರದ ಹೋಗುವಿಕೆಯ ಧ್ವನಿ ಅದಕ್ಕಿದೆ. ಅದಕ್ಕೇ 'ಬರ್ತೀನಿ' ಸೇರಿಸುತ್ತೇವೆ. ಆದರೆ ಸಾವಿನ ಮನೆಯಲ್ಲಿ ಅದೇ ಮಾತು ತಿರುಗುಮುರುಗು. ಇಂಥ ಕಾರಣಕ್ಕೇ ಮತ್ತೊಮ್ಮೆ ಬರುತ್ತೇನೆ ಅಂದ ಹಾಗೆ ಕೇಳುತ್ತದೆ. ಮನೆಯವರೂ ಅಷ್ಟೆ, ಬಂದವರಿಗೆ 'ಬನ್ನಿ ಬನ್ನಿ' ಅನ್ನುವುದಿಲ್ಲ, ಹೊರಟವರಿಗೆ 'ಹೋಗಿ ಬನ್ನಿ' ಅನ್ನುವುದಿಲ್ಲ. ಹಳೇ ಮೈಸೂರು ಕಡೆಯೂ, ತಮಿಳರಲ್ಲೂ ಇದೇ ರೂಢಿ. ಹೊರಗಿನಿಂದ ನೋಡಿದರೆ ಮೂಢನಂಬಿಕೆ ಅನಿಸಬಹುದು. ನನಗೂ ಮೊದಲು ಹಾಗೇ ಅನಿಸಿತ್ತು. ಈಗ ಅನಿಸುವುದು ಬೇರೆ: ದುಃಖದಲ್ಲಿರುವವರಿಗೆ ಉಪಚಾರದ ಕೆಲಸದಿಂದ ರಜೆ ಕೊಡುವ ವ್ಯವಸ್ಥೆ ಅದು. ಅವರು ಸ್ವಾಗತಿಸಬೇಕಿಲ್ಲ, ಬೀಳ್ಕೊಡಬೇಕಿಲ್ಲ, ನಗಬೇಕಿಲ್ಲ. ಬಂದವರು ಬರುತ್ತಾರೆ, ಕೂರುತ್ತಾರೆ, ಎದ್ದು ಹೋಗುತ್ತಾರೆ. ಅದಕ್ಕೆ ಇಲ್ಲಿನವರು ಇಟ್ಟ ಹೆಸರೂ ಚಿಕ್ಕದು, 'ಮಾತಾಡಿಸಿಕೊಂಡು ಬರೋದು'. ಮಾತು ಅಂತ ಹೆಸರಿದ್ದರೂ ಅಲ್ಲಿ ಮಾತು ತೀರಾ ಕಡಿಮೆ.

ನಮ್ಮಲ್ಲಿ ಹೇಗೆ? ಮರಣದ ಮನೆಗೆ ಹೋದಾಗ ಸಲಾಂ ಬಿಡುವಂತಿಲ್ಲ, ಬಿಡಬೇಕಾಗಿಯೂ ಇಲ್ಲ. ಸಲಾಂ ಕುಶಲೋಪರಿ ಅಲ್ಲ, ಪ್ರಾರ್ಥನೆ. ಶಾಂತಿ ಇರಲಿ ಅನ್ನುವುದು ದುಃಖದ ದಿನಕ್ಕೂ ಹೊಂದುತ್ತದೆ. ತೊಂದರೆ ಇರುವುದು ಸಲಾಮಿನ ಬೆನ್ನಿಗೆ ಅಭ್ಯಾಸಬಲದಿಂದ ಹೊರಡುವ 'ಮತ್ತೆ ಎಂತ ವಿಶೇಷ?' ಎಂಬ ನಮ್ಮ ಮಂಗಳೂರು ಬಾಲದಲ್ಲಿ. ಸಲಾಂ ಹೇಳಿ ಅಲ್ಲಿಗೇ ಬಾಯಿ ಮುಚ್ಚುವುದು ಕಷ್ಟ, ಪ್ರಯತ್ನ ಮಾಡಿ ನೋಡಿ.

ಬುಖಾರಿ, ಮುಸ್ಲಿಂ ಎರಡರಲ್ಲೂ ಇರುವ ಒಂದು ಹದೀಸ್ ಇಲ್ಲಿ ನೆನಪಾಗುತ್ತದೆ. ಪ್ರವಾದಿಯವರ (ಸ) ಮಗಳು, ತನ್ನ ಮಗು ಕೊನೆಯುಸಿರಿನಲ್ಲಿದೆ, ಬನ್ನಿ ಎಂದು ಹೇಳಿಕಳಿಸುತ್ತಾರೆ. ಪ್ರವಾದಿಯವರು ಸಲಾಂ ಹೇಳಿ, ಅಲ್ಲಾಹನು ತೆಗೆದುಕೊಂಡದ್ದೂ ಕೊಟ್ಟದ್ದೂ ಅವನದೇ, ಸಹನೆಯಿಂದಿರು ಎಂಬರ್ಥದ ಸಂದೇಶ ಕಳಿಸುತ್ತಾರೆ. ತಅಝಿಯತ್ತಿಗೆ ನಾವು ಇವತ್ತಿಗೂ ಬಳಸುವ ಮಾತು ಅದು. ಅದಕ್ಕಿಂತ ಒಳ್ಳೆಯ ಮಾತು ಯಾರು ಹೇಳಿಯಾರು? ಆದರೂ ಮಗಳು ಬಿಡಲಿಲ್ಲ, ಬರಲೇಬೇಕು ಎಂದು ಆಣೆ ಹಾಕಿ ಮತ್ತೆ ಹೇಳಿಕಳಿಸಿದರು. ಪ್ರವಾದಿಯವರು ಎದ್ದು ಹೋದರು. ಮಗುವನ್ನು ಕೈಗಿತ್ತಾಗ ಅವರ ಕಣ್ಣು ತುಂಬಿತು. ಜೊತೆಗಿದ್ದ ಸಅದ್ ಬಿನ್ ಉಬಾದ ಇದೇನೆಂದು ಕೇಳಿದಾಗ, ಇದು ಕರುಣೆ ಎಂದರು. ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಬ್ಬರು ಹಾಕಿದ 'ಇನ್ನಾಲಿಲ್ಲಾಹಿ' ಸಾಲನ್ನು ನಲವತ್ತು ಜನ ಕಾಪಿ ಮಾಡಿ ಹಾಕುವುದನ್ನು ನೋಡುವಾಗಲೆಲ್ಲ ಆ ಮಗಳ ಎರಡನೇ ಹೇಳಿಕೆ ನೆನಪಾಗುತ್ತದೆ. ದೂರದ ಗಲ್ಫ್‌ನಲ್ಲಿರುವವರ ವಿಷಯ ಬೇರೆ. ಎರಡು ಬೀದಿ ಆಚೆ ಇದ್ದುಕೊಂಡು ಮೆಸೇಜಿನಲ್ಲೇ ಮುಗಿಸುವವರೂ ನಮ್ಮಲ್ಲಿ ಇದ್ದಾರಲ್ಲ.

'ಹೇಗಾಯ್ತು?' ಅನ್ನುವ ಪ್ರಶ್ನೆಗೆ ಬರೋಣ. ಬಾಯಿಗೆ ಬೇರೆ ಏನೂ ಬಾರದಾಗ ಎಲ್ಲರೂ ಕೇಳುವುದು ಇದನ್ನೇ. ವಯಸ್ಸಾಗಿ ಹಾಸಿಗೆ ಹಿಡಿದು ಹೋದವರ ಮನೆಯಲ್ಲಿ ಇದು ತಪ್ಪಲ್ಲ, ಕೊನೆಯ ದಿನಗಳನ್ನು ಹೇಳಿಕೊಂಡರೆ ಮನೆಯವರಿಗೂ ಹಗುರ. ಆನೆ ದಾಳಿ, ಅಪಘಾತ, ಆತ್ಮಹತ್ಯೆಯಂಥ ಸಾವಿನಲ್ಲಿ ಹಾಗಲ್ಲ. ಆ ರೈತರ ಹೆಂಡತಿ ಪೊಲೀಸರಿಗೆ ಹೇಳಿದ್ದರು, ಅರಣ್ಯದವರಿಗೆ ಹೇಳಿದ್ದರು, ಪತ್ರಿಕೆಯವರಿಗೆ, ಬಸ್ಸಿಳಿದು ಬಂದ ಪ್ರತಿ ನೆಂಟರಿಗೂ ಹೇಳಿದ್ದರು. ಪ್ರತಿ ಸಲವೂ ಅವರು ಆ ಹೊಲಕ್ಕೇ ಮತ್ತೆ ಹೋಗಿ ಬರಬೇಕು. ಅದಕ್ಕೇ ಈಗ ನಾನು ವಿವರವನ್ನೆಲ್ಲ ಹೊರಗೇ, ಅಕ್ಕಪಕ್ಕದವರಿಂದ ಕೇಳಿಕೊಂಡು ಒಳಗೆ ಹೋಗುತ್ತೇನೆ. ಅವರಾಗಿ ಶುರುಮಾಡಿದರೆ ಮಾತ್ರ, ಮೊದಲ ಸಲ ಕೇಳುವವನ ಹಾಗೆ ಕೇಳುತ್ತೇನೆ.

ಹೊರಗೇ ಕೇಳಿಕೊಳ್ಳಬೇಕಾದ ಇನ್ನೊಂದು ಸಂಗತಿ ಇದೆ: ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ. ಇದಕ್ಕೆ ಗಾಜನೂರಿನ ಉದಾಹರಣೆಯೇ ಇದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಾಗ ಅವರ ಸೋದರತ್ತೆ, ಅಂದರೆ ರಾಜ್‌ಕುಮಾರ್ ಅವರ ತಂಗಿ ನಾಗಮ್ಮ, ಇದೇ ಗಾಜನೂರಿನಲ್ಲಿದ್ದರು. ತುಂಬಾ ವಯಸ್ಸಾಗಿದ್ದ ಅವರಿಗೆ ಆ ಸುದ್ದಿಯನ್ನು ಮನೆಯವರು ತಿಳಿಸಲೇ ಇಲ್ಲ ಎಂದು ಪತ್ರಿಕೆಗಳಲ್ಲಿ ಬಂದಿತ್ತು. 2025ರ ಆಗಸ್ಟ್‌ನಲ್ಲಿ ಅವರೂ ತೀರಿಕೊಂಡರು. ಸುಮಾರು ನಾಲ್ಕು ವರ್ಷ ಆ ಮನೆಗೆ ಹೋದವರು ಆ ಅಜ್ಜಿಯ ಎದುರು ಅಪ್ಪು ಬಗ್ಗೆ ಎಚ್ಚರದಿಂದಲೇ ಮಾತಾಡಬೇಕಿತ್ತು. ಹೇಳದೇ ಇದ್ದದ್ದು ಸರಿಯಾ ತಪ್ಪಾ ಅಂತ ತೀರ್ಪು ಕೊಡಲು ನಾವ್ಯಾರು, ಅದು ಮನೆಯವರ ನಿರ್ಧಾರ. ಆದರೆ ಎಲ್ಲ ಸಾವಿನ ಮನೆಯಲ್ಲೂ ಇನ್ನೂ ತಿಳಿಯದ ಒಬ್ಬರು ಇರಬಹುದು, ಒಳಕೋಣೆಯ ಅಜ್ಜಿಯೋ, ಶಾಲೆಯಿಂದ ಕರೆತಂದ ಮಗುವೋ. ಬಾಗಿಲಲ್ಲೇ ಸಮಾಧಾನ ಹೇಳಲು ಹೊರಟವನ ಬಾಯಿಂದಲೇ ಅವರಿಗೆ ಸುದ್ದಿ ಸಿಕ್ಕಿಬಿಟ್ಟರೆ ಅದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. ಅಜ್ಜ ಹೇಳಿದ ಮೇಲೆ ನಾಚಿಕೆಯಾಗಿ ಆ ಮನೆಯ ಕಡೆಗೇ ಹೋಗಲಿಲ್ಲ. ಹನ್ನೊಂದನೇ ದಿನದ ತಿಥಿಗೂ ಹೋಗಲಿಲ್ಲ. ಆ ಮೂರು ತಪ್ಪು ಮಾತುಗಳಿಗಿಂತ ಇದೇ ದೊಡ್ಡ ತಪ್ಪು ಅಂತ ತಿಳಿದದ್ದು ತಡವಾಗಿ. ಶಾಫಿಈ ಮದ್‌ಹಬಿನಲ್ಲಿ ತಅಝಿಯತ್ ಮೂರು ದಿನಕ್ಕೆ ಅಂತ ಇದೆ, ಹಳೆಯ ಗಾಯವನ್ನು ಮತ್ತೆ ಕೆದಕಬಾರದು ಅನ್ನುವುದು ಅದರ ಕಾಳಜಿ. ಆದರೆ ಸಂತಾಪದ ಮಾತು ನಿಲ್ಲಿಸಬೇಕು ಅಂದರೆ ಮನೆಯ ಕಡೆ ಹೋಗುವುದನ್ನೇ ನಿಲ್ಲಿಸಬೇಕು ಅಂತಲ್ಲ. ತಿಥಿ ಮುಗಿದ ಮೇಲೆ ನೆಂಟರು ಘಟ್ಟ ಇಳಿದು ಹೋಗುತ್ತಾರೆ, ಮಗ ತಿರುಪ್ಪೂರಿಗೆ ವಾಪಸ್. ಮನೆ ಖಾಲಿಯಾಗುವುದೇ ಆಗ.

ಇಪ್ಪತ್ತು ದಿನದ ಮೇಲೆ ಒಂದು ಸಂಜೆ ನಾನೂ ಹೆಂಡತಿಯೂ ಹೋದೆವು. ಉದ್ರಿ ಪುಸ್ತಕದ ಮಾತೇ ಎತ್ತಬಾರದು, 'ಅದಕ್ಕೆ ಬಂದಿಲ್ಲ' ಅಂತಲೂ ಹೇಳಬಾರದು ಅಂತ ಮೊದಲೇ ಮಾಡಿಕೊಂಡಿದ್ದೆವು. ಇಲ್ಲ ಅಂತ ಹೇಳಿದರೂ ಮಾತು ಬಂದ ಹಾಗೇ ತಾನೇ? ಅಕ್ಕ ಜಗಲಿಯಲ್ಲಿ ಕೂತು ಉಳಿದ ಜೋಳದ ತೆನೆ ಬಿಡಿಸುತ್ತಿದ್ದರು. ನಾವು ಏನೂ ಹೇಳದೆ ಕೂತೆವು, ಒಂದೊಂದು ತೆನೆ ತೆಗೆದುಕೊಂಡೆವು. ಕೈಗೆ ಕೆಲಸ ಇದ್ದರೆ ಮೌನ ಭಾರ ಅನಿಸುವುದಿಲ್ಲ, ಕಣ್ಣಿಗೆ ಕಣ್ಣು ಕೊಟ್ಟು ಕೂರಬೇಕಾಗಿಯೂ ಇಲ್ಲ. ಅರ್ಧ ಗಂಟೆ ಆದ ಮೇಲೆ ಅವರೇ, ಯಜಮಾನರು ಹಬ್ಬಕ್ಕೆ ಮಕ್ಕಳಿಗೆ ಬಟ್ಟೆ ತಂದ ದಿನ ನನ್ನ ಅಂಗಡಿಯಲ್ಲಿ ಹೇಗೆ ಚೌಕಾಸಿ ಮಾಡಿದ್ದರು ಅಂತ ಹೇಳಿದರು. ನನಗೂ ಒಂದೆರಡು ನೆನಪಿತ್ತು, ಹೇಳಿದೆ. ಅವರು ಸ್ವಲ್ಪ ಅತ್ತರು, ನನ್ನ ಹೆಂಡತಿ ಪಕ್ಕಕ್ಕೆ ಸರಿದು ಕೂತಳು, ಅಳಬೇಡಿ ಅನ್ನಲಿಲ್ಲ. ಆಮೇಲೆ ಒಳಗಿನಿಂದ ತಮಿಳಿನಲ್ಲಿದ್ದ ಕಾಗದಗಳ ಕಟ್ಟು ತಂದರು. ಕನ್ನಡ ಶಾಲೆಯಲ್ಲಿ ಓದಿದವರು, ಯಾವುದು ಏನು ಅಂತ ಗೊತ್ತಾಗಿರಲಿಲ್ಲ. ನನ್ನ ತಮಿಳೂ ಅಷ್ಟಕ್ಕಷ್ಟೇ. ಮರುದಿನ ತಮಿಳು ಬರುವ ಒಬ್ಬರನ್ನು ಕರೆದುಕೊಂಡು ಹೋಗಿ ತಾಲೂಕು ಕಚೇರಿಗೆ ಯಾವ ಅರ್ಜಿ, ಯಾವ ಪ್ರತಿ ಅಂತ ವಿಂಗಡಿಸಿ ಕೊಟ್ಟೆವು. ಪರಿಹಾರದ ಬಗ್ಗೆ ಮಾತಾಡುವ ಹಕ್ಕು ಬಂದದ್ದು ಆಗ, ಅದೂ ಅವರು ಕೇಳಿದ್ದಕ್ಕೆ.

ಹೊರಡುವಾಗ ಏನೂ ಹೇಳದೆ ಎದ್ದು ಬಂದೆವು.

ನಾಲ್ಕೈದು ತಿಂಗಳ ಮೇಲೆ ಸಂತೆಯ ದಿನ ಅಕ್ಕ ಅಂಗಡಿಗೆ ಬಂದರು. ಏನು ಅಂತ ಮಾತಾಡಿಸಲಿ ಎಂದು ಇನ್ನೂ ಯೋಚಿಸುತ್ತಿದ್ದೆ, ಅವರೇ 'ಉಂಡ್ರಾ ಸಾಬ್ರೆ?' ಅಂದರು. ಉಂಡೆ ಅಕ್ಕ, ನಿಮ್ಮದಾಯ್ತಾ ಅಂದೆ. ಮೊಮ್ಮಗಳಿಗೆ ಒಂದು ಫ್ರಾಕ್ ತೆಗೆದುಕೊಂಡರು, ಸೆರಗಿನ ಗಂಟಿನಿಂದ ಐನೂರು ರೂಪಾಯಿ ಹೆಚ್ಚಿಗೆ ಕೊಟ್ಟು ಹಳೇ ಲೆಕ್ಕಕ್ಕೆ ಬರೆದುಕೊಳ್ಳಿ ಅಂದರು. ಬರೆದುಕೊಂಡೆ. ಮೆಟ್ಟಿಲು ಇಳಿಯುವಾಗ ತಿರುಗಿ 'ಬತ್ತಿನಿ' ಅಂದರು.