ಫೋಟೊದ ಅಂಚಿನಲ್ಲಿ ತುಂಡಾದ ಪ್ರಶ್ನೆ

ಹತ್ತನೇ ತರಗತಿಯ ಹುಡುಗಿ ವಿಜ್ಞಾನದ ಪ್ರಶ್ನೆಹಾಳೆಯ ಒಂದು ಲೆಕ್ಕವನ್ನು ಫೋನಿನಲ್ಲಿ ಕ್ಲಿಕ್ಕಿಸಿ ಟ್ಯೂಷನ್ ಮೇಷ್ಟ್ರಿಗೆ ವಾಟ್ಸ್ಆ್ಯಪ್ ಮಾಡುತ್ತಾಳೆ. ಮೇಷ್ಟ್ರ ಫೋನಿನಲ್ಲಿ ಕಾಣುವುದು ಇಷ್ಟು:

4 Ω, 6 Ω ಮತ್ತು 12 Ω ರೋಧವಿರುವ ಮೂರು ರೋಧಕಗಳನ್ನು ಸ
ಕ್ರಮದಲ್ಲಿ ಜೋಡಿಸಿದೆ. ಅವುಗಳಿಗೆ ಕೊಟ್ಟ ವಿಭವಾಂತರ 1
ಆಗಿದ್ದರೆ, ಪ್ರತಿ ರೋಧಕದಲ್ಲಿ ಹರಿಯುವ ವಿದ್ಯುತ್ ಪ್ರ
ಹಾಗೂ ಮಂಡಲದ ಒಟ್ಟು ರೋಧ ಎಷ್ಟು?

ಬಲಗಡೆಯ ಅಂಚು ಹಾರಿಹೋಗಿದೆ. ರೋಧಕಗಳನ್ನು ಜೋಡಿಸುವ ಕ್ರಮಗಳು ಎರಡೇ, ಸರಣಿ ಮತ್ತು ಸಮಾಂತರ. ಎರಡೂ ಶುರುವಾಗುವುದು ‘ಸ’ದಿಂದಲೇ. ಉತ್ತರಗಳು ಮಾತ್ರ ಅಜಗಜಾಂತರ. ಇಂಥ ಚಿತ್ರ ಬಂದಾಗ ಮೇಷ್ಟ್ರು ಊಹಿಸಿ ಬಿಡಿಸಬೇಕೋ, ಮತ್ತೊಂದು ಫೋಟೊ ಕೇಳಬೇಕೋ? ಅದನ್ನು ತೀರ್ಮಾನಿಸುವ ಮೊದಲು ಅಂಚನ್ನು ಕತ್ತರಿಸಿದ್ದು ಯಾವುದು ಎಂದು ನೋಡಬೇಕು. ಫೋನಿನೊಳಗೆ ಕತ್ತರಿ ಹಿಡಿದು ಕೂತ ಜಾಗಗಳು ಹಲವಿವೆ, ಒಂದೊಂದೂ ತನ್ನದೇ ಗುರುತು ಉಳಿಸುತ್ತದೆ.

ಮೊದಲನೆಯದು ನಿಜವಾದ ಕತ್ತರಿಯೇ ಅಲ್ಲ. ಚಾಟ್ ಪರದೆಯಲ್ಲಿ ಕಾಣುವ ಚಿಕ್ಕ ಚಿತ್ರ ಬರೀ ಮುನ್ನೋಟ. ಉದ್ದನೆಯ ಚಿತ್ರವಾದರೆ ಮೇಲೆ ಕೆಳಗೆ, ಅಗಲದ್ದಾದರೆ ಅಕ್ಕಪಕ್ಕ ಮರೆಮಾಡಿ ಒಂದು ಚೌಕಟ್ಟಿಗೆ ಹೊಂದಿಸಿರುತ್ತಾರೆ. ಒಮ್ಮೆ ಒತ್ತಿ ಪೂರ್ತಿ ತೆರೆದರೆ ಅಡಗಿದ್ದ ಸಾಲು ಹೊರಬರುತ್ತದೆ. ‘ಪ್ರಶ್ನೆ ಅರ್ಧ ಬಂದಿದೆ’ ಎಂದು ಉತ್ತರಿಸುವ ಮುನ್ನ ಇಷ್ಟನ್ನಾದರೂ ಮಾಡಬೇಕು.

ಪೂರ್ತಿ ತೆರೆದರೂ ಅಂಚು ಕಾಣದಿದ್ದರೆ ಚಿತ್ರದ ವಿವರಗಳಿಗೆ ಹೋಗಿ ಅದರ ಉದ್ದ ಅಗಲ ಎಷ್ಟು ಪಿಕ್ಸೆಲ್ ಎಂದು ನೋಡಿ, ಉದ್ದವನ್ನು ಅಗಲದಿಂದ ಭಾಗಿಸಿ. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ಆದರೆ ಈ ಅನುಪಾತವನ್ನು ಬದಲಿಸುವುದಿಲ್ಲ. ಹೆಚ್ಚಿನ ಫೋನುಗಳ ಕ್ಯಾಮೆರಾದೊಳಗಿನ ಸಂವೇದಕದ ಆಕಾರ 4:3. ಹಾಗಾಗಿ ಭಾಗಲಬ್ಧ 1.33 ಬಂದರೆ ಸಂವೇದಕ ಕಂಡದ್ದೆಲ್ಲ ಚಿತ್ರದಲ್ಲಿದೆ ಎಂದೇ ಬಹುಮಟ್ಟಿಗೆ ಅರ್ಥ. ಫೋನ್ ಹಿಡಿದ ಕೈ ತೀರಾ ಹತ್ತಿರವಿತ್ತು ಅಥವಾ ಪಕ್ಕಕ್ಕೆ ಸರಿದಿತ್ತು. ಹುಡುಗಿಯ ಫೋನಿನಲ್ಲೂ ಉಳಿದ ಭಾಗ ಇರುವುದಿಲ್ಲ.

1.78 ಬಂದರೆ ಕಥೆ ಬೇರೆ. ಅದು 16:9 ಚಿತ್ರ. ಫೋನನ್ನು ನೆಟ್ಟಗೆ ಹಿಡಿದಾಗ ಸಂವೇದಕದ ಅಗಲ 3 ಪಾಲು, ಎತ್ತರ 4 ಪಾಲು ಎಂದಿಟ್ಟುಕೊಳ್ಳಿ. ಎತ್ತರವನ್ನು ಹಾಗೇ ಇಟ್ಟು 16:9 ಮಾಡಬೇಕಾದರೆ ಅಗಲ 2.25ಕ್ಕೆ ಇಳಿಯಬೇಕು. ಅಂದರೆ ಅಗಲದ ಕಾಲು ಭಾಗ, ಎಡಕ್ಕರ್ಧ ಬಲಕ್ಕರ್ಧವಾಗಿ, ಚಿತ್ರ ಉಳಿಸುವಾಗಲೇ ಹೋಯಿತು. ಪರದೆ ತುಂಬುವ ‘ಫುಲ್’ ವಿಧಾನದಲ್ಲಿ ತೆಗೆದರೆ ನಷ್ಟ ಇನ್ನೂ ದೊಡ್ಡದು. ಪರದೆ 20:9 ಆಗಿದ್ದರೆ 3 ಪಾಲಿನಲ್ಲಿ ಉಳಿಯುವುದು 1.8 ಮಾತ್ರ. ನೋಡಲು ಅಂದವಾದ ಉದ್ದನೆಯ ಫೋಟೊ ಬರುತ್ತದೆ, ಪುಟದ ಅಗಲ ಮಾತ್ರ ಹಿಡಿಯುವುದಿಲ್ಲ. ಪಠ್ಯಪುಸ್ತಕದ ಸಾಲುಗಳು ಅಡ್ಡಕ್ಕೆ ಓಡುವುದರಿಂದ ಈ ಕತ್ತರಿ ಪ್ರತಿ ಸಾಲಿನ ಕೊನೆಯನ್ನೇ ಕಚ್ಚುತ್ತದೆ. ಇಲ್ಲೂ ಕಳೆದದ್ದು ಯಾವ ಫೋನಿನಲ್ಲೂ ಸಿಗದು.

ಕ್ಯಾಮೆರಾದ ಈ ಯಾವ ಅನುಪಾತವೂ ಅಲ್ಲದೆ 1.51, 2.9 ಎಂದೇನೋ ಬಂದರೆ ಒಳ್ಳೆಯ ಸುದ್ದಿ. ಯಾರೋ ಕೈಯಿಂದ ಕ್ರಾಪ್ ಮಾಡಿದ್ದಾರೆ, ಇಲ್ಲವೇ ಸ್ಕ್ಯಾನ್ ಆ್ಯಪ್ ಕತ್ತರಿಸಿದೆ. ಮೂಲ ಚಿತ್ರ ಕಳಿಸಿದವರ ಫೋನಿನಲ್ಲೇ ಇರುವ ಸಾಧ್ಯತೆ ಹೆಚ್ಚು. ಐಫೋನಿನ ಫೋಟೊಸ್ ಆ್ಯಪ್ ಕ್ರಾಪ್ ಮಾಡಿದ ಮೇಲೂ ಮೂಲವನ್ನು ಉಳಿಸಿಕೊಂಡಿರುತ್ತದೆ, ‘ಎಡಿಟ್’ ಒಳಗೆ ಹೋಗಿ ಹಿಂದಕ್ಕೆ ತರಬಹುದು. ಆದರೆ ನಮಗೆ ತಲುಪಿದ ಫೈಲಿನಲ್ಲಿ ಕತ್ತರಿಸಿದ ಭಾಗ ಇರುವುದಿಲ್ಲ, ಇರಲೂಬಾರದು. 2023ರಲ್ಲಿ ಇದಕ್ಕೊಂದು ವಿಚಿತ್ರ ಅಪವಾದ ಬಯಲಾಯಿತು. ಗೂಗಲ್ ಪಿಕ್ಸೆಲ್ ಫೋನುಗಳ ‘ಮಾರ್ಕಪ್’ ಸಾಧನ ಕ್ರಾಪ್ ಮಾಡಿದ ಚಿಕ್ಕ ಚಿತ್ರವನ್ನು ಹಳೆಯ ಫೈಲಿನ ಮೇಲೆಯೇ ಬರೆದು, ಉಳಿದ ಬಾಲವನ್ನು ಅಳಿಸದೆ ಬಿಡುತ್ತಿತ್ತು. ಆ ಬಾಲದಿಂದ ಮೂಲ ಚಿತ್ರದ ಒಂದಷ್ಟು ಭಾಗವನ್ನು ಮರಳಿ ಪಡೆಯಬಹುದಿತ್ತು. ಕಾರ್ಡ್ ನಂಬರ್ ಕತ್ತರಿಸಿ ಕಳಿಸಿದವರಿಗೆ ಇದು ದೊಡ್ಡ ಅಪಾಯ. ದೋಷವನ್ನು ಸರಿಪಡಿಸಲಾಯಿತು.

ಸ್ಕ್ಯಾನ್ ಆ್ಯಪ್‌ನ ಕತ್ತರಿ ಇವೆಲ್ಲಕ್ಕಿಂತ ಜಾಣತನದ್ದು, ಹಾಗಾಗಿ ತಪ್ಪುವುದೂ ವಿಚಿತ್ರವಾಗಿ. ಅದು ಮೊದಲು ಚಿತ್ರದಲ್ಲಿ ಬೆಳಕು ಥಟ್ಟನೆ ಬದಲಾಗುವ ಗೆರೆಗಳನ್ನು ಹುಡುಕುತ್ತದೆ. ಕಪ್ಪು ಮೇಜಿನ ಮೇಲೆ ಬಿಳಿ ಕಾಗದವಿದ್ದರೆ ಕಾಗದದ ಅಂಚಿನಲ್ಲೇ ಅಂಥ ಗೆರೆ ಸಿಗುತ್ತದೆ. ನಾಲ್ಕು ಗೆರೆ ಸೇರಿಸಿ ಒಂದು ಚತುರ್ಭುಜ ಮಾಡಿ, ಅದರ ನಾಲ್ಕು ಮೂಲೆಗಳನ್ನು ಎಳೆದು ಆಯತವಾಗಿಸಿ, ಹೊರಗಿನದನ್ನು ಬಿಸಾಡುತ್ತದೆ. ಬಿಳಿ ಹಾಸಿನ ಮೇಲೆ ಬಿಳಿ ಹಾಳೆ ಇಟ್ಟರೆ ಅಂಚಿನ ಗೆರೆ ಸಿಗದೆ, ಪ್ರಶ್ನೆಯ ಸುತ್ತ ಮುದ್ರಿಸಿದ ಚೌಕವನ್ನೋ ಮಡಿಕೆಯ ನೆರಳನ್ನೋ ಅದು ಪುಟದ ಅಂಚೆಂದು ಹಿಡಿಯಬಹುದು. ಇದನ್ನು ಗುರುತಿಸುವುದು ಸುಲಭ. ಒಂದು ಮೂಲೆ ತಪ್ಪಾಗಿದ್ದರೆ ಮುದ್ರಿತ ಸಾಲುಗಳು ಒಂದಕ್ಕೊಂದು ಸಮಾಂತರವಾಗಿರುವುದಿಲ್ಲ, ಒಂದು ಕಡೆ ಬೀಸಣಿಗೆಯಂತೆ ಹರಡಿಕೊಂಡಿರುತ್ತವೆ. ಕಳಿಸಿದವರು ಆ್ಯಪ್‌ನಲ್ಲಿ ಆ ಮೂಲೆಯ ಚುಕ್ಕೆಯನ್ನು ಹೊರಕ್ಕೆ ಎಳೆದರೆ ಸಾಕು, ಕಳೆದ ಪದ ವಾಪಸು ಬರುತ್ತದೆ.

ನಮ್ಮ ಹುಡುಗಿಯ ಚಿತ್ರದ ಭಾಗಲಬ್ಧ 1.78. ಕಳೆದದ್ದು ಕಳೆದೇ ಹೋಗಿದೆ, ಅವಳೀಗ ಆನ್‌ಲೈನ್‌ನಲ್ಲಿಲ್ಲ, ಮೇಷ್ಟ್ರ ಮುಂದಿರುವುದು ಈ ನಾಲ್ಕು ಸಾಲು ಮಾತ್ರ. ಎಷ್ಟು ದೂರ ಹೋಗಬಹುದು?

ಮೂರನೇ ಸಾಲಿನಲ್ಲಿ ಸಂಶಯವಿಲ್ಲ. ‘ವಿದ್ಯುತ್ ಪ್ರ’ ಆದಮೇಲೆ ‘ವಾಹ’ ಬರಲೇಬೇಕು. ಹೀಗೆ ಖಚಿತವಾಗಿ ಪೂರ್ತಿಮಾಡಬಹುದಾದ ಸಾಲೇ ಕತ್ತರಿ ಎಷ್ಟು ಅಗಲ ತಿಂದಿದೆ ಎನ್ನಲು ಅಳತೆಗೋಲು. ಇಲ್ಲಿ ‘ಪ್ರವಾಹ’ ಎಂದಿದ್ದರೆ ಎರಡು ಅಕ್ಷರ ಹೋಗಿವೆ, ‘ಪ್ರವಾಹವೆಷ್ಟು’ ಎಂದಿದ್ದರೆ ನಾಲ್ಕು. ‘ಸ’ದ ಮುಂದೆ ‘ರಣಿ’ಗೆ ಎರಡಕ್ಷರ ಬೇಕು, ‘ಮಾಂತರ’ಕ್ಕೆ ಮೂರು. ಎರಡೂ ಹೊಂದುತ್ತವೆ. ಬಲ ಅಂಚನ್ನು ಸಮಮಾಡದೆ ಟೈಪ್ ಮಾಡಿದ ಹಾಳೆಯಾದರೆ ಈ ಅಳತೆಯಲ್ಲಿ ಒಂದೆರಡು ಅಕ್ಷರದ ಏರುಪೇರು ಇದ್ದೇ ಇರುತ್ತದೆ. ಅಳತೆಗೋಲು ಇಲ್ಲಿಗೆ ಸೋತಿತು.

ಇನ್ನು ವಿಜ್ಞಾನವನ್ನೇ ಕೇಳಬೇಕು. ಸರಣಿಯಲ್ಲಿ ಎಲ್ಲ ರೋಧಕಗಳಲ್ಲೂ ಹರಿಯುವುದು ಒಂದೇ ಪ್ರವಾಹ. ‘ಪ್ರತಿ ರೋಧಕದಲ್ಲಿ’ ಎಂದು ಬಿಡಿಬಿಡಿಯಾಗಿ ಕೇಳುವುದಕ್ಕೆ ಅರ್ಥವಿರುವುದು ಸಮಾಂತರದಲ್ಲಿ. ಜೊತೆಗೆ ಲೆಕ್ಕ ಮಾಡಿ ನೋಡಿ. ಸಮಾಂತರವಾದರೆ 1/4 + 1/6 + 1/12, ಒಟ್ಟು 6/12, ಅಂದರೆ ರೋಧ ಸರಿಯಾಗಿ 2 Ω. ಸರಣಿಯಾದರೆ 22 Ω. ಪ್ರಶ್ನೆ ಬರೆದವರು 4, 6, 12 ಎಂಬ ಸಂಖ್ಯೆಗಳನ್ನು ಆಯ್ದುಕೊಂಡದ್ದು ಭಿನ್ನರಾಶಿಗಳು ಸಲೀಸಾಗಿ ಕೂಡಲಿ ಎಂದೇ. ಎರಡು ಬೇರೆ ಬೇರೆ ಸುಳಿವುಗಳು ಒಂದೇ ಕಡೆ ಬೆರಳು ತೋರಿಸುತ್ತಿವೆ. ಇಷ್ಟಾದರೆ ‘ಸಮಾಂತರ ಎಂದು ಓದಿಕೊಂಡಿದ್ದೇನೆ’ ಎಂದು ಮೊದಲೇ ಬರೆದು ಮುಂದುವರಿಯಬಹುದು.

ಎರಡನೇ ಸಾಲಿನ ‘1’ ಹಾಗಲ್ಲ. ಇಡೀ ಚಿತ್ರದಲ್ಲಿ ಅತ್ಯಂತ ಅಪಾಯದ ಜಾಗ ಅದು. ಅಕ್ಷರ ಅರ್ಧ ಕತ್ತರಿಸಿದರೆ ಕಣ್ಣಿಗೆ ಬೀಳುತ್ತದೆ. ಎರಡು ಅಂಕಿಗಳ ನಡುವಿನ ಖಾಲಿ ಜಾಗದಲ್ಲಿ ಕತ್ತರಿ ಆಡಿದರೆ ಉಳಿದ ಅಂಕಿ ಪೂರ್ತಿ ಸಂಖ್ಯೆಯಂತೆ ನಿಂತಿರುತ್ತದೆ. ಇಲ್ಲಿ ಮೂಲದಲ್ಲಿ 1.5 V ಇರಬಹುದು, 10, 12, 18 ಇರಬಹುದು. 12 ಎಂದಿಟ್ಟುಕೊಂಡರೆ ಪ್ರವಾಹಗಳು 3, 2, 1 ಆಂಪೇರ್ ಎಂದು ಮುದ್ದಾಗಿ ಬರುತ್ತವೆ, ಅದೇ ಇರಬೇಕೆಂದು ಮನಸ್ಸು ಹೇಳುತ್ತದೆ. ಆದರೆ 18 V ಕೊಟ್ಟರೂ 4.5, 3, 1.5 ಆಂಪೇರ್ ಎಂಬ ತೊಂದರೆಯಿಲ್ಲದ ಉತ್ತರಗಳೇ ಸಿಗುತ್ತವೆ. ಪದವನ್ನು ಅದರ ಸುತ್ತಲಿನ ಮಾತು ಹಿಡಿದಿಟ್ಟಿರುತ್ತದೆ, ದತ್ತ ಸಂಖ್ಯೆಯನ್ನು ಯಾವುದೂ ಹಿಡಿದಿಟ್ಟಿರುವುದಿಲ್ಲ. ಅದನ್ನು ಊಹಿಸಿ ತುಂಬುವುದು ನನ್ನ ಮಟ್ಟಿಗೆ ತಪ್ಪು. ಹುಡುಗಿ ಆ ಉತ್ತರವನ್ನು ಹಾಗೇ ನೋಟ್‌ಬುಕ್ಕಿಗೆ ಇಳಿಸುತ್ತಾಳೆ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಒಟ್ಟು ರೋಧಕ್ಕೆ ವಿಭವಾಂತರ ಬೇಕಾಗಿಲ್ಲ, 2 Ω ಎಂದು ಧೈರ್ಯವಾಗಿ ಬರೆಯಬಹುದು. ಪ್ರವಾಹಗಳನ್ನು V/4, V/6, V/12 ಎಂದು ಬರೆದು ಬಿಟ್ಟರೆ ಲೆಕ್ಕದ ಬುದ್ಧಿಯೆಲ್ಲ ಅದರಲ್ಲೇ ಬಂತು. ಆಮೇಲೆ ಒಂದೇ ಒಂದು ಸಂದೇಶ ಕಳಿಸಬೇಕು: ‘ಎರಡನೇ ಸಾಲಿನ ಕೊನೆಯಲ್ಲಿ ವಿಭವಾಂತರ ಎಷ್ಟಿದೆ, ನೋಡಿ ಹೇಳಮ್ಮ. ಮೊದಲನೇ ಸಾಲಿನಲ್ಲಿ ಸಮಾಂತರ ಎಂದೇ ಇದೆಯಲ್ಲ?’ ‘ಫೋಟೊ ಸರಿಯಿಲ್ಲ, ಇನ್ನೊಮ್ಮೆ ಕಳಿಸು’ ಎಂದಷ್ಟೇ ಹೇಳಿದರೆ ಅದೇ ವಿಧಾನದಲ್ಲಿ, ಅದೇ ದೂರದಿಂದ ತೆಗೆದ ಅದೇ ಚಿತ್ರ ಮತ್ತೆ ಬರುವ ಸಂಭವವೇ ಹೆಚ್ಚು.

ಕೆಳಗಿನ ಅಂಚು ಹೋದಾಗ ಮಾತ್ರ ಹೊಸ ಫೋಟೊವನ್ನೇ ಕೇಳುವುದು ಸರಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ‘ಲೆಕ್ಕಿಸಿ’, ‘ಸಾಧಿಸಿ’, ‘ಯಾವುದು ಸರಿಯಲ್ಲ’ ಎಂಬುದೆಲ್ಲ ಕೊನೆಯ ಸಾಲಿನಲ್ಲಿರುತ್ತದೆ. ದತ್ತಾಂಶವೆಲ್ಲ ಕೈಯಲ್ಲಿದ್ದು, ಏನು ಮಾಡಬೇಕೆಂಬುದೇ ಚಿತ್ರದ ಹೊರಗುಳಿದಿರುತ್ತದೆ. ಕಾಣುವ ಕೊನೆಯ ಸಾಲಿನ ಒತ್ತಕ್ಷರಗಳು ಸವರಿಹೋಗಿದ್ದರೆ ಅದರ ಕೆಳಗೆ ಇನ್ನೊಂದು ಸಾಲು ಇದ್ದಿರಬಹುದೆಂದು ಸಂಶಯಪಡಬೇಕು.

ಫೋಟೊ ತೆಗೆಯುವವರಿಗೆ ಹೇಳಿಕೊಡಬೇಕಾದ ಅಳತೆ ಚಿಕ್ಕದು. ಫೋನಿನ ಮುಖ್ಯ ಕ್ಯಾಮೆರಾದ ಮಸೂರ ಸಾಮಾನ್ಯವಾಗಿ ಫಿಲ್ಮ್ ಕ್ಯಾಮೆರಾದ 26 ಮಿ.ಮೀ. ಆಸುಪಾಸಿನ ಮಸೂರಕ್ಕೆ ಸಮ. 4:3ರಲ್ಲಿ ನೆಟ್ಟಗೆ ಹಿಡಿದಾಗ ಅದು ಎಷ್ಟು ದೂರದಲ್ಲಿದೆಯೋ ಹೆಚ್ಚುಕಡಿಮೆ ಅಷ್ಟೇ ಅಗಲವನ್ನು ಕಾಣುತ್ತದೆ. ಎ4 ಹಾಳೆಯ ಅಗಲ 21 ಸೆಂ.ಮೀ. 20 ಸೆಂ.ಮೀ. ಎತ್ತರದಿಂದ ತೆಗೆದರೆ ಅಂಚು ಹೋಗುವುದು ಖಂಡಿತ, 25ರಿಂದ ತೆಗೆದರೆ ಎರಡೂ ಕಡೆ ಚೂರು ಜಾಗ ಉಳಿಯುತ್ತದೆ. 16:9ರಲ್ಲಿ ಕಾಣುವುದು ದೂರದ ಮುಕ್ಕಾಲು ಪಾಲು, ಹಾಗಾಗಿ ಅದೇ ಹಾಳೆಗೆ 28 ಸೆಂ.ಮೀ. ಬೇಕು. ಕ್ಯಾಮೆರಾವನ್ನು 4:3ಕ್ಕೆ ಇಟ್ಟು, ಮಕ್ಕಳ ಸ್ಕೂಲ್ ಬ್ಯಾಗಿನಲ್ಲಿರುವ 30 ಸೆಂ.ಮೀ. ಸ್ಕೇಲನ್ನು ಪುಟದ ಪಕ್ಕ ಒಮ್ಮೆ ನಿಲ್ಲಿಸಿ, ಅದರ ತುದಿಯ ಎತ್ತರದಲ್ಲಿ ಫೋನ್ ಹಿಡಿಯಲು ಹೇಳಿ. ಹಾಳೆಯ ನಾಲ್ಕು ಅಂಚಿನ ಹೊರಗೂ ಮೇಜು ಕಂಡ ಮೇಲೆಯೇ ಗುಂಡಿ ಒತ್ತಲಿ.