ಫಾರ್ವರ್ಡ್‌ನ ಐದು ಮಾತುಗಳೂ ಒಟ್ಟಿಗೆ ನಿಜವಾಗಲು ಸಾಧ್ಯವೇ? ನಾಲ್ಕು ಹೆಜ್ಜೆಯಲ್ಲಿ ಪತ್ತೆ ಹಚ್ಚುವ ಬಗೆ

ಉಚಿತ ಲ್ಯಾಪ್‌ಟಾಪ್ ಕೊಡುತ್ತಾರೆ ಎಂದು ಹೇಳುವ ಒಂದು ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದಿದೆ ಎಂದುಕೊಳ್ಳಿ. ಇದು ನಾವೇ ಕಟ್ಟಿದ ಉದಾಹರಣೆ, ಆದರೆ ಇದರ ಧಾಟಿ ನಿಮಗೆ ಹೊಸದಾಗಿರಲಾರದು. ಅದರಲ್ಲಿ ಐದು ಮಾತುಗಳಿವೆ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಅಥವಾ ಕಚೇರಿಯಲ್ಲಿ ಹಾಕಬೇಕು. ಆನ್‌ಲೈನ್‌ನಲ್ಲಿ ಹಾಕುವವರಿಗೆ ನೋಂದಣಿ ಸಂಖ್ಯೆ ಬೇಕು. ಕಚೇರಿಯಲ್ಲಿ ಹಾಕುವವರಿಗೂ ಅದು ಬೇಕು. ನೋಂದಣಿ ಸಂಖ್ಯೆ ಬೇಕೆಂದರೆ ಹಣ ಕಟ್ಟಬೇಕು. ಕೊನೆಗೆ ದಪ್ಪಕ್ಷರದಲ್ಲಿ: ಯಾರೂ ಒಂದು ರೂಪಾಯಿಯೂ ಕಟ್ಟಬೇಕಿಲ್ಲ!

ಒಂದೊಂದನ್ನೇ ಓದಿದರೆ ಯಾವುದೂ ಅಸಾಧ್ಯ ಅನ್ನಿಸುವುದಿಲ್ಲ. ಐದೂ ಒಟ್ಟಿಗೆ ನಿಜವಾಗಬಲ್ಲವೇ ಎಂಬುದು ನಮ್ಮ ಪ್ರಶ್ನೆ. ಇದನ್ನು ತೀರ್ಮಾನಿಸಲು ತರ್ಕಶಾಸ್ತ್ರದಲ್ಲಿ ರೆಸಲ್ಯೂಶನ್ ಎಂಬ ವಿಧಾನವಿದೆ (ಮೊಬೈಲ್ ಕ್ಯಾಮೆರಾದ ರೆಸಲ್ಯೂಶನ್‌ಗೂ ಇದಕ್ಕೂ ಸಂಬಂಧವಿಲ್ಲ). ಜಾನ್ ಅಲನ್ ರಾಬಿನ್ಸನ್ 1965ರಲ್ಲಿ ಇದನ್ನು ಕಂಪ್ಯೂಟರ್‌ಗೆ ಒಗ್ಗುವ ಏಕೈಕ ನಿಯಮವಾಗಿ ಮಂಡಿಸಿದರು. ಆ ನಿಯಮವನ್ನು ಪೆನ್ನು ಕಾಗದ ಹಿಡಿದು ನಾವೂ ಬಳಸಬಹುದು.

ಮೊದಲು ಎಲ್ಲ ಮಾತುಗಳನ್ನೂ ‘ಅಥವಾ’ ಇರುವ ಸಾಲುಗಳಾಗಿ ಬರೆದುಕೊಳ್ಳಬೇಕು. ‘ಆನ್‌ಲೈನ್ ಆದರೆ ಸಂಖ್ಯೆ ಬೇಕು’ ಎಂಬ ಮಾತು ಸುಳ್ಳಾಗುವುದು ಒಂದೇ ಸಂದರ್ಭದಲ್ಲಿ: ಅರ್ಜಿ ಆನ್‌ಲೈನ್‌ನಲ್ಲಿ ಹಾಕಿದ್ದರೂ ಸಂಖ್ಯೆ ಬೇಡವಾದಾಗ. ಹಾಗಾಗಿ ಅದನ್ನು ‘ಆನ್‌ಲೈನ್ ಅಲ್ಲ, ಅಥವಾ ಸಂಖ್ಯೆ ಬೇಕು’ ಎಂದು ಬರೆದರೂ ಅರ್ಥ ಬದಲಾಗುವುದಿಲ್ಲ. ಆನ್‌ಲೈನ್‌ಗೆ ಆ, ಕಚೇರಿಗೆ ಕ, ನೋಂದಣಿ ಸಂಖ್ಯೆ ಬೇಕು ಎಂಬುದಕ್ಕೆ ನ, ಹಣ ಕಟ್ಟಬೇಕು ಎಂಬುದಕ್ಕೆ ಹ ಎಂದಿಟ್ಟುಕೊಳ್ಳೋಣ. ∨ ಎಂದರೆ ಅಥವಾ, ¬ ಎಂದರೆ ಅಲ್ಲ. ಈಗ ಒಬ್ಬ ಅರ್ಜಿದಾರನ ಮಟ್ಟಿಗೆ ಇಡೀ ಫಾರ್ವರ್ಡ್ ಇಷ್ಟೇ:

```
1.  ಆ ∨ ಕ
2. ¬ಆ ∨ ನ
3. ¬ಕ ∨ ನ
4. ¬ನ ∨ ಹ
5. ¬ಹ
```

ನಿಯಮ ಹೀಗಿದೆ. ಒಂದು ಸಾಲಿನಲ್ಲಿ ಒಂದು ಅಕ್ಷರವಿದ್ದು, ಇನ್ನೊಂದರಲ್ಲಿ ಅದೇ ಅಕ್ಷರ ‘ಅಲ್ಲ’ ಚಿಹ್ನೆಯೊಂದಿಗೆ ಇದ್ದರೆ, ಆ ಜೋಡಿಯನ್ನು ತೆಗೆದು ಉಳಿದದ್ದನ್ನೆಲ್ಲ ಸೇರಿಸಿ ಹೊಸ ಸಾಲು ಮಾಡಬಹುದು. 1 ಮತ್ತು 2ನ್ನು ನೋಡಿ. ಅರ್ಜಿ ಆನ್‌ಲೈನ್‌ನಲ್ಲಿ ಹಾಕಿದ್ದರೆ ಎರಡನೇ ಸಾಲಿನಿಂದಾಗಿ ಸಂಖ್ಯೆ ಬೇಕು. ಹಾಕಿಲ್ಲದಿದ್ದರೆ ಮೊದಲ ಸಾಲಿನಿಂದಾಗಿ ಕಚೇರಿಯೇ ಗತಿ. ಎರಡರಲ್ಲಿ ಯಾವುದಾದರೂ ‘ಕ ಅಥವಾ ನ’ ನಿಜವಾಗಲೇಬೇಕು. ಆನ್‌ಲೈನ್‌ನಲ್ಲಿ ಹಾಕಿದ್ದಾರೋ ಇಲ್ಲವೋ ಎಂದು ತಿಳಿಯದೆಯೇ ನಮಗೆ ಈ ಹೊಸ ಸಾಲು ಸಿಕ್ಕಿತು.

```
6. ಕ ∨ ನ     (1 ಮತ್ತು 2, ಆ ಹೋಯಿತು)
7. ನ         (6 ಮತ್ತು 3, ಕ ಹೋಯಿತು)
8. ಹ         (7 ಮತ್ತು 4, ನ ಹೋಯಿತು)
9. □         (8 ಮತ್ತು 5, ಹ ಹೋಯಿತು)
```

ಏಳನೇ ಸಾಲಿನಲ್ಲಿ ‘ನ ಅಥವಾ ನ’ ಬರುತ್ತದೆ. ಅದು ಬರೀ ‘ನ’ ಆದ್ದರಿಂದ ಒಂದೇ ಸಲ ಬರೆದಿದ್ದೇವೆ. ಕೊನೆಯ ಚೌಕ ಎಂದರೆ ಖಾಲಿ ಸಾಲು. ‘ಅಥವಾ’ ಸಾಲು ನಿಜವಾಗಬೇಕಾದರೆ ಅದರಲ್ಲಿರುವ ಒಂದಾದರೂ ನಿಜವಾಗಬೇಕು. ಖಾಲಿ ಸಾಲಿನಲ್ಲಿ ಏನೂ ಇಲ್ಲ, ಹಾಗಾಗಿ ಅದು ನಿಜವಾಗಲು ದಾರಿಯೇ ಇಲ್ಲ. ಮೊದಲ ಐದು ಸಾಲುಗಳನ್ನು ನಿಜ ಮಾಡುವ ಪರಿಸ್ಥಿತಿ ಒಂದಿದ್ದಿದ್ದರೆ ಪ್ರತಿ ಹೆಜ್ಜೆಯ ಹೊಸ ಸಾಲೂ ಅದರಲ್ಲಿ ನಿಜವಾಗಬೇಕಿತ್ತು, ಒಂಬತ್ತನೆಯದೂ ಕೂಡ. ಅದು ಆಗದು. ಅಂದಮೇಲೆ ಅಂಥ ಪರಿಸ್ಥಿತಿ ಇಲ್ಲ. ನಾಲ್ಕು ಅಕ್ಷರಗಳಿಗೆ ನಿಜ, ಸುಳ್ಳು ಹಂಚುವ 16 ಬಗೆಗಳಿವೆ. ಅವನ್ನು ಒಂದೊಂದಾಗಿ ನೋಡದೆಯೇ ಹದಿನಾರೂ ಬಿದ್ದುಹೋದವು.

ಎಲ್ಲ ಸಾಲುಗಳನ್ನೂ ಒಟ್ಟಿಗೆ ನಿಜ ಮಾಡುವ ಒಂದು ಹಂಚಿಕೆಯಾದರೂ ಇದೆಯೇ ಎಂಬ ಪ್ರಶ್ನೆಗೆ ಗಣಿತದಲ್ಲಿ ಸ್ಯಾಟಿಸ್‌ಫೈಯಬಿಲಿಟಿ, ಚಿಕ್ಕದಾಗಿ ಸ್ಯಾಟ್ ಎನ್ನುತ್ತಾರೆ. ಖಾಲಿ ಸಾಲು ಸಿಕ್ಕರೆ ಉತ್ತರ ‘ಇಲ್ಲ’. ತಿರುಗುಮುರುಗಾಗಿಯೂ ಇದು ಸರಿ: ಹೊಂದಿಕೆ ನಿಜಕ್ಕೂ ಅಸಾಧ್ಯವಾಗಿದ್ದರೆ ಈ ಒಂದೇ ನಿಯಮ ಬಳಸಿ ಖಾಲಿ ಸಾಲನ್ನು ಮುಟ್ಟಿಯೇ ತೀರಬಹುದು.

ಐದನೇ ಸಾಲನ್ನು ತೆಗೆದುಬಿಟ್ಟರೆ? ಉಳಿದ ನಾಲ್ಕರಿಂದ ಸಾಧ್ಯವಿರುವುದನ್ನೆಲ್ಲ ಜೋಡಿಸುತ್ತಾ ಹೋದರೆ ಒಂಬತ್ತು ಹೊಸ ಸಾಲುಗಳು ಸಿಗುತ್ತವೆ, ಆಮೇಲೆ ಹೊಸದೇನೂ ಬರುವುದಿಲ್ಲ, ಖಾಲಿ ಸಾಲೂ ಇಲ್ಲ. ಆಗ ಉತ್ತರ ‘ಹೊಂದಿಕೆ ಸಾಧ್ಯ’. ಉದಾಹರಣೆಗೆ ಆನ್‌ಲೈನ್‌ನಲ್ಲಿ ಅರ್ಜಿ, ಸಂಖ್ಯೆ ಬೇಕು, ಹಣ ಕಟ್ಟಬೇಕು, ಕಚೇರಿಗೆ ಹೋಗಬೇಕಿಲ್ಲ ಎಂಬ ಹಂಚಿಕೆಯಲ್ಲಿ ನಾಲ್ಕೂ ನಿಜ. ಹೊಸದು ಬರುವುದು ನಿಲ್ಲುವವರೆಗೂ ಹೋಗಬೇಕು ಎಂಬುದನ್ನು ಮರೆಯಬೇಡಿ. ಎರಡು ಮೂರು ಹೆಜ್ಜೆ ನಡೆದು ‘ವಿರೋಧ ಕಾಣಲಿಲ್ಲ’ ಎಂದು ಕೈಬಿಟ್ಟರೆ ಏನೂ ತೀರ್ಮಾನವಾಗಿರುವುದಿಲ್ಲ.

ಇದೇ ಒಂಬತ್ತು ಸಾಲುಗಳನ್ನು ಇನ್ನೊಂದು ರೀತಿಯಲ್ಲೂ ಓದಬಹುದು. ಮೊದಲ ನಾಲ್ಕು ಮಾತುಗಳನ್ನು ಒಪ್ಪಿದವರು ಹಣ ಕಟ್ಟಲೇಬೇಕೇ? ಇದನ್ನು ಸಾಧಿಸಲು ‘ಕಟ್ಟಬೇಕಿಲ್ಲ’ ಎಂಬ ವಿರುದ್ಧದ ಮಾತನ್ನು ಸೇರಿಸಿ ಖಾಲಿ ಸಾಲು ಬರುವುದೇ ಎಂದು ನೋಡುತ್ತೇವೆ. ಬಂತು. ಹಾಗಾಗಿ ಕಟ್ಟಲೇಬೇಕು. ಬೇಕಾದ ತೀರ್ಮಾನವನ್ನು ನೇರವಾಗಿ ಹುಡುಕದೆ, ಅದರ ವಿರುದ್ಧವನ್ನು ಊಹಿಸಿ ಮುರಿಯುವುದರಿಂದಲೇ ಇದನ್ನು ಖಂಡನೆಯ ವಿಧಾನ ಎನ್ನುವುದು.

ಕಲಿಯುವವರು ಎಡವುವ ಜಾಗ ಒಂದಿದೆ. ‘ಆನ್‌ಲೈನ್ ಅಥವಾ ಕಚೇರಿ’ ಎಂಬ ಸಾಲೂ ‘ಎರಡೂ ಕಡೆ ಹಾಕುವಂತಿಲ್ಲ’ ಎಂಬ ಸಾಲೂ ಇವೆ ಎನ್ನಿ:

```
 ಆ ∨ ಕ
¬ಆ ∨ ¬ಕ
```

ಎರಡೂ ಜೋಡಿಗಳನ್ನು ಒಂದೇ ಏಟಿಗೆ ಹೊಡೆದುಹಾಕಿ ‘ಖಾಲಿ ಬಂತು, ವಿರೋಧವಿದೆ’ ಎನ್ನಲು ಕೈ ತುರಿಸುತ್ತದೆ. ಅದು ತಪ್ಪು. ಬರೀ ಆನ್‌ಲೈನ್‌ನಲ್ಲಿ ಹಾಕಿದರೆ ಎರಡೂ ಸಾಲುಗಳು ನಿಜವೇ ಆಗುತ್ತವೆ. ಒಂದು ಹೆಜ್ಜೆಗೆ ಒಂದೇ ಜೋಡಿ ಹೋಗಬೇಕು. ಆಗ ಇಲ್ಲಿ ಸಿಗುವುದು ‘ಕ ಅಥವಾ ಕ ಅಲ್ಲ’, ಅದು ಯಾವಾಗಲೂ ನಿಜ, ಯಾವ ಉಪಯೋಗಕ್ಕೂ ಬಾರದ ಸಾಲು.

ಇನ್ನು ಫಾರ್ವರ್ಡ್‌ಗೆ ಬರೋಣ. ಖಾಲಿ ಸಾಲು ಸಿಕ್ಕಿದ್ದರಿಂದ ಐದರಲ್ಲಿ ಒಂದಾದರೂ ಸುಳ್ಳು ಎಂದು ಖಚಿತವಾಯಿತು. ಯಾವುದು ಸುಳ್ಳು ಎಂದು ಈ ವಿಧಾನ ಹೇಳುವುದಿಲ್ಲ. ನಿಜಕ್ಕೂ ಉಚಿತವಿದ್ದು, ಹಣದ ಸಾಲನ್ನು ನಡುವೆ ಯಾರೋ ತುರುಕಿರಬಹುದು. ಇನ್ನೂ ಮುಖ್ಯವಾದದ್ದು, ಹೊಂದಿಕೆ ಇದೆ ಎಂದ ಮಾತ್ರಕ್ಕೆ ಸಂದೇಶ ನಿಜವಾಗುವುದಿಲ್ಲ. ‘ಉಚಿತ’ ಎಂಬ ಸಾಲನ್ನು ಕಿತ್ತುಹಾಕಿದ ವಂಚಕನ ಸಂದೇಶ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ, ಅಂಥ ಯೋಜನೆಯೇ ಇಲ್ಲದಿದ್ದರೂ. ನಮ್ಮ ಪ್ರಕಾರ ಅಚ್ಚುಕಟ್ಟಾಗಿ ಹೊಂದುವ ಸುಳ್ಳೇ ಹೆಚ್ಚು ಅಪಾಯಕಾರಿ. ಅದಕ್ಕೆ ತರ್ಕ ಸಾಲದು, ಹೊರಗಿನ ಪುರಾವೆ ಬೇಕು.

ಕಂಪ್ಯೂಟರ್‌ಗೆ ಕೊಟ್ಟರೆ ಎಷ್ಟು ದೊಡ್ಡ ಪಟ್ಟಿಯನ್ನಾದರೂ ಹೀಗೆ ಬಿಡಿಸಬಹುದೇ? ತಾತ್ವಿಕವಾಗಿ ಹೌದು. ಒಂದು ಸಾಲಿನಲ್ಲಿ ಪ್ರತಿ ಅಕ್ಷರವೂ ಹಾಗೆಯೇ ಇರಬಹುದು, ‘ಅಲ್ಲ’ದೊಂದಿಗೆ ಇರಬಹುದು, ಇಲ್ಲದೆಯೂ ಇರಬಹುದು. ಆದ್ದರಿಂದ ನಾಲ್ಕು ಅಕ್ಷರಗಳಿಂದ 3×3×3×3, ಅಂದರೆ 81ಕ್ಕಿಂತ ಹೆಚ್ಚು ಉಪಯುಕ್ತ ಸಾಲುಗಳು ಹುಟ್ಟಲಾರವು, ಕೆಲಸ ಎಂದಾದರೂ ಮುಗಿಯುತ್ತದೆ. ಆದರೆ ಪ್ರತಿ ಹೊಸ ಅಕ್ಷರಕ್ಕೂ ಈ ಮಿತಿ ಮೂರು ಪಟ್ಟಾಗುತ್ತದೆ. ಹನ್ನೊಂದು ಜನರನ್ನು ಹತ್ತು ಕುರ್ಚಿಗಳಲ್ಲಿ ಒಬ್ಬೊಬ್ಬರಂತೆ ಕೂರಿಸಲಾಗದು ಎಂಬುದು ಮಕ್ಕಳಿಗೂ ಗೊತ್ತು. ಅದನ್ನೇ ಇಂಥ ಸಾಲುಗಳಾಗಿ ಬರೆದು ರೆಸಲ್ಯೂಶನ್‌ಗೆ ಕೊಟ್ಟರೆ, ಕುರ್ಚಿಗಳು ಹೆಚ್ಚಾದಂತೆ ಬೇಕಾಗುವ ಹೆಜ್ಜೆಗಳು ಘಾತೀಯವಾಗಿ ಏರುತ್ತವೆ, ಎಷ್ಟೇ ಜಾಣತನದಿಂದ ಜೋಡಿಸಿದರೂ ಅಡ್ಡದಾರಿ ಇಲ್ಲ. 1985ರಲ್ಲಿ ಆರ್ಮಿನ್ ಹಾಕೆನ್ ಇದನ್ನು ಸಾಧಿಸಿ ತೋರಿಸಿದರು. ಎಣಿಸಲು ಬರುವ ನಮಗೆ ಕ್ಷಣದ ಕೆಲಸ. ರೆಸಲ್ಯೂಶನ್‌ಗೆ ಎಣಿಸಲು ಬರುವುದಿಲ್ಲ, ಒಂದು ಹೆಜ್ಜೆಗೆ ಒಂದು ಜೋಡಿ ಹೊಡೆಯಲು ಮಾತ್ರ ಬರುತ್ತದೆ.