ಫ್ರಿಜ್‌ಗೆ ಜ್ವರ ಬಂದಿದೆ

"ದೊಡ್ಡಪ್ಪ, ಫ್ರಿಜ್‌ಗೆ ಜ್ವರ ಬಂದಿದೆ, ಮುಟ್ಟಿ ನೋಡಿ!"

ತಮ್ಮನ ಮಗಳು ಫ್ರಿಜ್‌ನ ಪಕ್ಕಕ್ಕೆ ಅಂಗೈ ಒತ್ತಿಕೊಂಡು ನಿಂತಿದ್ದಳು. ಮುಟ್ಟಿದೆ. ಹೌದು, ಬೆಚ್ಚಗಿತ್ತು. "ಒಳಗಿದ್ದ ಬಿಸಿಯೇ ಪುಟ್ಟಿ ಅದು, ಹೊರಗೆ ಬಂದಿದೆ" ಎಂದೆ. ಫ್ರಿಜ್ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ತಂದು ಹೊರಗೆ ಸುರಿಯುತ್ತದೆ, ಅಷ್ಟೇ.

"ಹೊರೋದು ಯಾರು?"

ಕೊಳವೆಯೊಳಗೆ ಸುತ್ತುವ ಒಂದು ವಸ್ತು. ಈಚಿನ ಮನೆ ಫ್ರಿಜ್‌ಗಳಲ್ಲಿ ಅದು ಹೆಚ್ಚಾಗಿ ಐಸೋಬ್ಯೂಟೇನ್, ನಮ್ಮ ಅಡುಗೆ ಗ್ಯಾಸಿನ ಹತ್ತಿರದ ನೆಂಟ. ಫ್ರಿಜ್ ಹಿಂದಿನ ಚೀಟಿಯಲ್ಲಿ R600a ಎಂದಿದ್ದರೆ ಅದೇ. ಇಡೀ ಫ್ರಿಜ್‌ಗೆ ಸುಮಾರು 50 ಗ್ರಾಂ ಸಾಕು. ನೀರು 100 ಡಿಗ್ರಿಯಲ್ಲಿ ಕುದಿದರೆ ಇದು ಮೈನಸ್ 12 ಡಿಗ್ರಿ ಸುಮಾರಿಗೇ ಕುದಿದು ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು. ಕೈಗೆ ಸ್ಯಾನಿಟೈಸರ್ ಹಚ್ಚಿದಾಗ ತಣ್ಣಗಾಗುತ್ತದಲ್ಲ, ಅದು ಒಣಗುತ್ತಾ ನಮ್ಮ ಚರ್ಮದ ಶಾಖವನ್ನೇ ಎಳೆದುಕೊಳ್ಳುತ್ತದೆ. ಫ್ರೀಜರ್ ಗೋಡೆಯ ಕೊಳವೆಯಲ್ಲಿ ಐಸೋಬ್ಯೂಟೇನ್ ಕುದಿಯುತ್ತಾ ಹಾಲು, ಸೊಪ್ಪು, ನೀರಿನ ಬಾಟಲಿಗಳ ಶಾಖವನ್ನು ಹಾಗೆಯೇ ಹೀರುತ್ತದೆ.

ತೊಡಕು ಇರುವುದು ಮುಂದೆ. ಶಾಖ ಹೀರಿದ ಆವಿ ಇನ್ನೂ ತಣ್ಣಗೇ ಇದೆ. ಅಡುಗೆಮನೆ 30 ಡಿಗ್ರಿ. ತಣ್ಣನೆಯದರಿಂದ ಬಿಸಿಯದಕ್ಕೆ ಶಾಖ ತಾನಾಗಿ ಹರಿಯದು. ಹಿಂದೆ ಕೆಳಗಡೆ ಗುಂಯ್ ಎನ್ನುವ ಕರಿ ಡಬ್ಬಿ, ಕಂಪ್ರೆಸರ್, ಇರುವುದು ಇದಕ್ಕೇ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವಂತೆ, ಒತ್ತಿ ಹಿಂಡಿದ ಆವಿ ಕೋಣೆಗಿಂತ ಬಿಸಿಯಾಗುತ್ತದೆ. ಒತ್ತಡ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕುಕ್ಕರಿನೊಳಗೆ ನೀರು 100ಕ್ಕೆ ಕುದಿಯದೆ 120ರ ಹತ್ತಿರ ಕುದಿಯುತ್ತದಲ್ಲ, ಹಾಗೇ ಒತ್ತಡದಲ್ಲಿರುವ ಈ ಆವಿ 45-50 ಡಿಗ್ರಿಯಲ್ಲೇ ದ್ರವವಾಗಬಲ್ಲದು. ಪಕ್ಕದ ತಗಡಿನ ಹಿಂದಿರುವ ಕೊಳವೆಯಲ್ಲಿ ಅದು ಮತ್ತೆ ದ್ರವವಾಗುತ್ತಾ, ಹೀರಿದ್ದ ಶಾಖವನ್ನೆಲ್ಲ ಕೋಣೆಗೆ ಬಿಡುತ್ತದೆ. ಹುಡುಗಿ ಕಂಡ ಜ್ವರ ಇದೇ. ಆಮೇಲೆ ದ್ರವ ದಾರದಷ್ಟು ಸಣ್ಣ ರಂಧ್ರದ ಉದ್ದನೆಯ ಕೊಳವೆಯಲ್ಲಿ ನುಸುಳುತ್ತದೆ. ಒತ್ತಡ ಇಳಿದು ಮತ್ತೆ ತಣ್ಣಗಾಗಿ ಫ್ರೀಜರ್ ಸೇರಿ ಕುದಿಯತೊಡಗುತ್ತದೆ.

ಒಂದು ಲೀಟರ್ ನೀರನ್ನು 30ರಿಂದ 5 ಡಿಗ್ರಿಗೆ ಇಳಿಸಲು ಸುಮಾರು 105 ಕಿಲೋಜೂಲ್ ಶಾಖ ಹೊರಹೋಗಬೇಕು. ಅದಕ್ಕೆ ಆ 50 ಗ್ರಾಂ ಎಂಟು-ಒಂಬತ್ತು ಸುತ್ತಾದರೂ ಹಾಕಬೇಕು.

"ಹಾಗಾದ್ರೆ ಬಾಗಿಲು ತೆಗೆದಿಟ್ರೆ ಮನೆಯೆಲ್ಲ ತಣ್ಣಗಾಗುತ್ತಾ?"

ಇಲ್ಲ. ಒಳಗಿಂದ ಹೀರಿದ್ದನ್ನು ಅದೇ ಕೋಣೆಗೆ ಸುರಿಯುತ್ತದೆ, ಮೇಲೆ ಕಂಪ್ರೆಸರ್ ಉಂಡ ಕರೆಂಟಿನ ಬಿಸಿಯೂ ಸೇರುತ್ತದೆ. ಮನೆ ಇನ್ನಷ್ಟು ಕಾಯುತ್ತದೆ. ಫ್ರಿಜ್ಜನ್ನು ಗೋಡೆಗೆ ಒತ್ತಿಟ್ಟರೂ ತಾಪತ್ರಯ. ಶಾಖ ಹೋಗಲು ಜಾಗವಿಲ್ಲದೆ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ.

ಜ್ವರ ಬಂದರೆ ಹೆದರಬೇಕಿಲ್ಲ ಎಂದೆ. ಕಂಪ್ರೆಸರ್ ಗಂಟೆಗಟ್ಟಲೆ ಗುಂಯ್ಗುಡುತ್ತಿದ್ದೂ ಪಕ್ಕ ತಣ್ಣಗೇ ಇದ್ದು, ಒಳಗಿನ ಹಾಲು ಒಡೆದರೆ ಮೆಕ್ಯಾನಿಕ್ ಮೊದಲು ಅನುಮಾನಿಸುವುದು ಗ್ಯಾಸ್ ಸೋರಿಕೆಯನ್ನು.